ಐದು ವರ್ಷದ ಲೆಕ್ಕ, ಅದರಾಚೆಯ ಬೆಲೆ

ಸಣ್ಣ ಕಂಪನಿಯೊಂದು ಖರ್ಚು, ತೆರಿಗೆ, ಹೊಸ ಯಂತ್ರಗಳ ಹೂಡಿಕೆ ಎಲ್ಲ ಕಳೆದು ಮುಂದಿನ ವರ್ಷ 1 ಕೋಟಿ ರೂಪಾಯಿ ಉಳಿಸುತ್ತದೆ, ಆ ಮೊತ್ತ ಐದನೇ ವರ್ಷದವರೆಗೆ ಶೇ 10ರಂತೆ ಬೆಳೆಯುತ್ತದೆ ಎಂದುಕೊಳ್ಳೋಣ. ನಾಳಿನ ಹಣಕ್ಕೆ ಇಂದು ಬೆಲೆ ಕಡಿಮೆ. ಸಣ್ಣ ಉದ್ಯಮದಲ್ಲಿ ಅಪಾಯವೂ ಹೆಚ್ಚು. ಹಾಗಾಗಿ ಶೇ 15ರ ದರದಲ್ಲಿ ಕಡಿತ ಮಾಡಿದರೆ ಐದೂ ವರ್ಷಗಳ ಹಣದ ಇಂದಿನ ಮೌಲ್ಯ ಸುಮಾರು 4 ಕೋಟಿ.

ಕಂಪನಿ ಅಲ್ಲಿಗೇ ಮುಚ್ಚುವುದಿಲ್ಲ. ಆರನೇ ವರ್ಷದಿಂದಾಚೆಯ ಎಲ್ಲ ಗಳಿಕೆಯನ್ನೂ ಒಂದೇ ಮೊತ್ತಕ್ಕೆ ಇಳಿಸಿದ್ದೇ ಅಂತಿಮ ಮೌಲ್ಯ. ಆರನೇ ವರ್ಷದ ಹಣವನ್ನು, ಕಡಿತದ ದರದಿಂದ ಶಾಶ್ವತ ಬೆಳವಣಿಗೆಯ ದರ ಕಳೆದು ಉಳಿದದ್ದರಿಂದ ಭಾಗಿಸಬೇಕು. ಬೆಳವಣಿಗೆ ಶೇ 5 ಆದರೆ ಭಾಜಕ ಶೇ 10. ಇಂದಿನ ಲೆಕ್ಕದಲ್ಲಿ ಅದು 7.6 ಕೋಟಿ. ಒಟ್ಟು 11.6 ಕೋಟಿಯಲ್ಲಿ ಮೂರನೇ ಎರಡು ಪಾಲು, ಯಾರೂ ವರ್ಷವಾರು ಅಂದಾಜಿಸದ ಕಾಲದಿಂದಲೇ ಬಂತು.

ಅಪಾಯವಿರುವುದು ಆ ಪುಟ್ಟ ಭಾಜಕದಲ್ಲಿ. ಕಡಿತದ ದರ ಶೇ 14, ಬೆಳವಣಿಗೆ ಶೇ 6 ಎಂದು ತುಸು ತಿದ್ದಿದರೆ ಸಾಕು, ಬೆಲೆ 14 ಕೋಟಿ ದಾಟುತ್ತದೆ. ಆದ್ದರಿಂದ ಅಂತಿಮ ಮೌಲ್ಯ ಐದನೇ ವರ್ಷದ ಹಣದ ಎಷ್ಟು ಪಟ್ಟು ಎಂದು ನೋಡಲೇಬೇಕು. ಮೊದಲ ಲೆಕ್ಕದಲ್ಲಿ ಅದು ಹತ್ತೂವರೆ ಪಟ್ಟು. ಅಂಥದೇ ಕಂಪನಿಗಳು ಐದಾರು ಪಟ್ಟಿಗೆ ಮಾರಾಟವಾಗುತ್ತಿದ್ದರೆ, ಊಹೆ ಅತಿಯಾಗಿದೆ.