ಒಂದು ಬಕೆಟ್ಟಿಗೇ ಸೋಲುವ ಶವರ್ ಫಿಲ್ಟರ್

ತಂಗಿ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿಗೆ ಬಾಡಿಗೆಗೆ ಹೋಗಿ ಎರಡು ತಿಂಗಳಾಗಿತ್ತು. "ಅಕ್ಕಾ, ಎಷ್ಟು ಸೋಪು ಉಜ್ಜಿದ್ರೂ ನೊರೆ ಬರಲ್ಲ, ಕೂದಲು ತೆಂಗಿನ ನಾರಿನ ಥರ ಆಗಿದೆ" ಎಂದು ಫೋನ್ ಮಾಡಿದಳು. ಶವರಿಗೆ ಫಿಲ್ಟರ್ ಕೂಡ ಹಾಕಿಸಿದ್ದಳು. ಮೊದಲ ದಿನ ವ್ಯತ್ಯಾಸ ಕಂಡಿತಂತೆ, ಮೂರನೇ ದಿನಕ್ಕೆ ಮತ್ತೆ ಅದೇ ಕಥೆ.

ಅವಳ ಮನೆಗೆ ಬರುವುದು ಬೋರ್ ನೀರು, ಸಾಲದಿದ್ದಾಗ ಟ್ಯಾಂಕರ್ ನೀರು. ನೆಲದಾಳದ ಕಲ್ಲುಮಣ್ಣಿನ ಸಂದಿಯಲ್ಲಿ ನಿಂತ ನೀರಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರುತ್ತವೆ. ಈ ಗಡಸುತನವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು 200, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಅಡ್ಡಿಯಿಲ್ಲ. ಹನಿಹನಿಯಾಗಿ ದ್ರಾವಣ ಹಾಕಿ ಬಣ್ಣ ಕೆಂಪಿನಿಂದ ನೀಲಿಗೆ ತಿರುಗುವುದನ್ನು ನೋಡುವ ಕಿಟ್‌ನಲ್ಲಿ ತಂಗಿಯ ಮನೆಯ ನೀರು 500 ತೋರಿಸಿತು. ಟಿಡಿಎಸ್ ಮೀಟರಿನಿಂದ ಇದು ತಿಳಿಯುವುದಿಲ್ಲ. ಅದು ನೀರಿನಲ್ಲಿ ಕರಗಿದ ಎಲ್ಲ ಲವಣಗಳನ್ನೂ ಒಟ್ಟಾಗಿ ಲೆಕ್ಕ ಹಿಡಿಯುತ್ತದೆ.

ಸೋಪಿಗೆ ಕ್ಯಾಲ್ಸಿಯಂ ಸಿಕ್ಕರೆ ಎರಡೂ ಸೇರಿ ನೀರಿನಲ್ಲಿ ಕರಗದ ಬಿಳಿ ಜಿಡ್ಡಾಗುತ್ತವೆ. ಬಕೆಟ್ಟಿನ ಅಂಚಿಗೆ ಕಟ್ಟುವ ಬೂದು ಪದರ ಅದೇ. 500 ಗಡಸುತನದ ಒಂದು ಲೀಟರ್ ನೀರು ಸುಮಾರು ಮೂರು ಗ್ರಾಂ ಸೋಪನ್ನು ಹೀಗೆ ಕೆಡಿಸಬಲ್ಲದು. ಇಪ್ಪತ್ತು ಲೀಟರಿನ ಬಕೆಟ್ಟಿನಷ್ಟು ನೀರಿಗೆ 60 ಗ್ರಾಂ, ಅಂದರೆ ದೊಡ್ಡ ಸೋಪಿನ ಅರ್ಧಕ್ಕಿಂತ ಹೆಚ್ಚು. ಆ ಜಿಡ್ಡು ಮೈಮೇಲೂ ಉಳಿಯುತ್ತದೆ, ಚರ್ಮ ಬಿಗಿದಂತಾಗಿ ತುರಿಸುತ್ತದೆ. ಶಾಂಪೂ ಸೋಪಿನಷ್ಟು ಕೆಡುವುದಿಲ್ಲ, ಆದರೆ ನೊರೆ ಕಡಿಮೆಯಾಗುತ್ತದೆ, ಖನಿಜ ಕೂದಲಿಗೆ ಅಂಟಿ ಒರಟಾಗಿಸುತ್ತದೆ. ನಮ್ಮ ಅಜ್ಜಿಯರ ಸೀಗೆಕಾಯಿ, ಅಂಟುವಾಳ ಬಾವಿಯ ಗಡಸು ನೀರಿಗೂ ಒಗ್ಗುತ್ತಿದ್ದುದು ಇದಕ್ಕೇ. ಅವುಗಳ ನೊರೆಯ ಅಂಶ ಕ್ಯಾಲ್ಸಿಯಂ ಜೊತೆ ಇಂಥ ಜಿಡ್ಡು ಕಟ್ಟುವುದಿಲ್ಲ.

ಫಿಲ್ಟರಿಗೆ ಬರೋಣ. ಎಷ್ಟೋ ಶವರ್ ಫಿಲ್ಟರುಗಳ ಒಳಗಿರುವುದು ಇದ್ದಿಲು ಮತ್ತು ತಾಮ್ರ-ಸತುವಿನ ಹರಳು. ಅವು ಕ್ಲೋರಿನ್ ತೆಗೆಯುತ್ತವೆ, ಗಡಸುತನವನ್ನಲ್ಲ. ಗಡಸುತನ ತೆಗೆಯುವುದು ರೆಸಿನ್ ಎಂಬ ಸಣ್ಣ ಮಣಿಗಳು. ಅವು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಒಂದು ಲೀಟರ್ ರೆಸಿನ್ ಬಳಕೆಯಲ್ಲಿ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ತಂಗಿಯ ಫಿಲ್ಟರಿನಲ್ಲಿ ಹೆಚ್ಚೆಂದರೆ ಕಾಲು ಲೀಟರ್ ರೆಸಿನ್ ಇತ್ತು, ಅದು ಹಿಡಿಯುವುದು ಹನ್ನೆರಡು ಗ್ರಾಂ. ಅವಳ ಒಂದು ಬಕೆಟ್ ನೀರಿನಲ್ಲೇ ಹತ್ತು ಗ್ರಾಂ ಇದೆ! ಮೊದಲ ಸ್ನಾನಕ್ಕೇ ಆ ಮಣಿಗಳ ಶಕ್ತಿ ಮುಗಿದಿತ್ತು. ಉಪ್ಪುನೀರಿನಲ್ಲಿ ನೆನೆಸಿದರೆ ಮತ್ತೆ ಚುರುಕಾಗುತ್ತವೆ ನಿಜ, ಆದರೆ ದಿನಾ ಅದನ್ನು ಮಾಡುವವರು ಯಾರು?

ಇಡೀ ಮನೆಗೆ ಹಾಕುವ ಸಾಫ್ಟ್‌ನರ್ ಇದೇ ಕೆಲಸವನ್ನು ದೊಡ್ಡದಾಗಿ ಮಾಡುತ್ತದೆ. 25 ಲೀಟರ್ ರೆಸಿನ್ ಇದ್ದರೆ ಈ ನೀರು ಎರಡೂವರೆ ಸಾವಿರ ಲೀಟರ್ ಮೆದುವಾಗುತ್ತದೆ. ದಿನಕ್ಕೆ 500 ಲೀಟರ್ ಬಳಸುವ ಮನೆಗೆ ಅದು ಐದು ದಿನ. ಆಮೇಲೆ ಮೂರು-ನಾಲ್ಕು ಕೆಜಿ ಉಪ್ಪು ಬೇಕು, ಆ ಉಪ್ಪುನೀರು ಚರಂಡಿಗೆ ಹೋಗುತ್ತದೆ. ಸೋಡಿಯಂ ಸೇರಿದ ಈ ನೀರನ್ನು ಗಿಡಗಳಿಗೆ ಹಾಕಬಾರದು. ಇಸುಬು ವಾಸಿಯಾಗುತ್ತದೆಂಬ ಆಸೆಯಿಂದ ಮಾತ್ರ ಇದನ್ನು ಹಾಕಿಸಬೇಡಿ. ಇಸುಬಿರುವ 336 ಮಕ್ಕಳ ಮೇಲೆ ಇಂಗ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಫ್ಟ್‌ನರಿನಿಂದ ಹೆಚ್ಚುವರಿ ಪ್ರಯೋಜನ ಕಾಣಲಿಲ್ಲ.

ಬಾಡಿಗೆ ಮನೆಯಲ್ಲಿರುವ ತಂಗಿಗೆ ನಾನು ಹೇಳಿದ್ದು ಬೇರೆ. ಕೀಲೇಟಿಂಗ್ ಶಾಂಪೂ ಎಂದು ಸಿಗುತ್ತದೆ. ಅದರಲ್ಲಿರುವ ಇಡಿಟಿಎಯಂಥ ಪದಾರ್ಥ ಕ್ಯಾಲ್ಸಿಯಂ ಅನ್ನು ಇಕ್ಕಳದಂತೆ ಹಿಡಿದು ತೊಳೆದೊಯ್ಯುತ್ತದೆ. ಒಂದು ಬಕೆಟ್ ನೀರನ್ನು ಮೆದುವಾಗಿಸಲು 37 ಗ್ರಾಂ ಇಡಿಟಿಎ ಬೇಕಾದೀತು, ಶಾಂಪೂವಿನಲ್ಲಿ ಅಷ್ಟಿರುವುದಿಲ್ಲ. ಹಾಗಾಗಿ ಅದು ಕೂದಲಿಗೆ ಆಗಲೇ ಅಂಟಿದ್ದನ್ನು ತೆಗೆಯಲಷ್ಟೇ. ಹತ್ತು ದಿನಕ್ಕೊಮ್ಮೆ ಹಾಕಿ ಕಂಡೀಷನರ್ ಹಚ್ಚಿದರೆ ಸಾಕು, ದಿನಾ ಹಾಕಿದರೆ ಕೂದಲು ಒಣಗುತ್ತದೆ. ಮೈಗೆ ಸೋಪಿನ ಬದಲು ಸೋಪಲ್ಲದ ಸಿಂಡೆಟ್ ಬಾರ್ ಬಳಸಿದರೆ ಜಿಡ್ಡು ಕಟ್ಟುವುದಿಲ್ಲ. ತಲೆಗೆ ಕೊನೆಯ ಎರಡು ಚೊಂಬು ಮಾತ್ರ ಮಳೆನೀರೋ ಶುದ್ಧೀಕರಿಸಿದ ಆರ್‌ಒ ನೀರೋ ಆಗಿರಲಿ.

ಫಿಲ್ಟರ್ ಕೊಳ್ಳುವ ಮೊದಲು ಅಂಗಡಿಯವರನ್ನು ಕೇಳಿ: ಒಳಗೆ ಎಷ್ಟು ಲೀಟರ್ ರೆಸಿನ್ ಇದೆ, ಎಷ್ಟು ಲೀಟರ್ ನೀರಿಗೆ ಬರುತ್ತದೆ? ಉತ್ತರ ಸಿಗದಿದ್ದರೆ ದುಡ್ಡು ಕೊಡಬೇಡಿ.