ನಗು ಮಾತ್ರ ಉತ್ತರವಾದಾಗ

ಬಸ್‌ಸ್ಟಾಪಿನಲ್ಲಿ ಸಹೋದ್ಯೋಗಿಯೊಬ್ಬ ಹೇಳುತ್ತಾನೆ: "ನಿಮ್ಮನ್ನೇ ಮದುವೆ ಆಗಿಬಿಡ್ಲಾ ಅಂತಿದೀನಿ, ಹ್ಹೆಹ್ಹೆ." ಆಕೆ ನಗುತ್ತಾಳೆ, ಅಷ್ಟೇ. ಆತನಿಗೆ ರಾತ್ರಿಯಿಡೀ ನಿದ್ದೆಯಿಲ್ಲ.

ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್, ಜನ ಮಾತಾಡುತ್ತ ನಕ್ಕ 1,200 ಪ್ರಸಂಗಗಳನ್ನು ಗಮನಿಸಿದರು. ನಗುವಿಗೆ ಮುಂಚಿನ ಮಾತುಗಳಲ್ಲಿ ಹಾಸ್ಯ ಎನ್ನಬಹುದಾದವು ಶೇ. 20ಕ್ಕಿಂತ ಕಡಿಮೆ. ಹಾಗಾಗಿ ನಗುವೊಂದರಿಂದಲೇ ಒಪ್ಪಿಗೆಯನ್ನೋ ಗೇಲಿಯನ್ನೋ ಊಹಿಸಲಾಗದು.

ನೋಡಬೇಕಾದ್ದು ನಗು ನಿಂತ ಮರುಕ್ಷಣವನ್ನು. "ನಿಜವಾಗ್ಲೂ?" ಎಂದು ಆಕೆ ಅದೇ ಮಾತಿಗೆ ಮರಳಿದರೆ ಬಾಗಿಲು ತೆರೆದಿದೆ. "ಬಸ್ ಬಂತು ನೋಡಿ" ಎಂದು ಮಾತು ತೇಲಿಸಿದರೆ, ಅದು ಬಹುಮಟ್ಟಿಗೆ ನೋಯಿಸದ ನಿರಾಕರಣೆ. ತಮಾಷೆಯ ಮರೆ ಒದಗಿಸಿದ್ದು ಆತನೇ. ಆಕೆಯೂ ಅದರ ಹಿಂದೆಯೇ ನಿಂತಳು.

ಸಂದೇಹ ಉಳಿದರೆ, ನಗದೆ ಒಮ್ಮೆ ನೇರವಾಗಿ ಕೇಳಿ. ಮತ್ತೆ ನಗುವೇ ಬಂದರೆ ಇಲ್ಲವೆಂದೇ ತಿಳಿದು ಅಲ್ಲಿಗೇ ಬಿಡಿ.