ಪರಿಹಾರಕ್ಕಿಲ್ಲದ ತೆರಿಗೆ ಬಡ್ಡಿಗೇಕೆ?

ಪ್ರಶ್ನೆ: ಗೌರಸಮುದ್ರದ ನಮ್ಮ ಹೊಲ ಸರ್ಕಾರದ ಪಾಲಾಯಿತು; ನ್ಯಾಯಾಲಯ ಹೆಚ್ಚಿಸಿದ ಪರಿಹಾರದ ಹಣದಲ್ಲಿ ತೆರಿಗೆ ಹಿಡಿದದ್ದೇಕೆ?

ಉತ್ತರ: ಮಾರಮ್ಮನ ಜಾತ್ರೆಯಿಂದ ಪ್ರಖ್ಯಾತವಾದ ತಮ್ಮ ಗ್ರಾಮವು, ಚಳ್ಳಕೆರೆ ನಗರಸಭೆಯ ಎಲ್ಲೆಯಿಂದ ಕಾನೂನು ವಿಧಿಸಿದ 2 ಕಿಲೋಮೀಟರಿಗಿಂತ ಬಹುದೂರವಿರುವುದರಿಂದ, ಅಲ್ಲಿನ ಬೇಸಾಯದ ಭೂಮಿಯು ಬಂಡವಾಳ ಆಸ್ತಿಯೆನಿಸದೆ, ಅದರ ಪರಿಹಾರವು ತೆರಿಗೆಯಿಂದ ಮುಕ್ತವಾಗಿರುವುದು. ಬಡ್ಡಿಯ ವಿಚಾರವೇ ಬೇರೆ: ಅದು ಎಷ್ಟೇ ವರ್ಷಗಳದಾಗಿದ್ದರೂ ಕೈಸೇರಿದ ವರ್ಷದ ಆದಾಯವೆಂದೇ ಪರಿಗಣಿತವಾಗಿ, ಅದರ ಅರ್ಧಭಾಗವು ತೆರಿಗೆಗೆ ಒಳಪಡುವುದು. 10 ಲಕ್ಷ ಹೆಚ್ಚುವರಿ ಪರಿಹಾರವೂ 4 ಲಕ್ಷ ಬಡ್ಡಿಯೂ ಬಂದವೆನ್ನಿ. ಆದಾಯ 2 ಲಕ್ಷವಷ್ಟೇ, ಆದರೂ ಇಡೀ ಬಡ್ಡಿಯ ಮೇಲೆ ಶೇಕಡಾ 10ರಂತೆ 40,000 ರೂಪಾಯಿ ಮೊದಲೇ ಕಡಿತವಾಗಿರುತ್ತದೆ. ಬೇರೆ ಆದಾಯವಿಲ್ಲದವರು ರಿಟರ್ನ್ ಸಲ್ಲಿಸಿ ಅದನ್ನು ಹಿಂಪಡೆಯಬಹುದು. ಲೆಕ್ಕಪಟ್ಟಿಯಲ್ಲಿ ಪರಿಹಾರ, ಬಡ್ಡಿಗಳು ಪ್ರತ್ಯೇಕವಾಗಿ ನಮೂದಾಗಿವೆಯೇ ಎಂಬುದನ್ನು ಅವಶ್ಯ ನೋಡಿರಿ; ಎರಡನ್ನೂ ಕೂಡಿಸಿ ಒಟ್ಟು ಮೊತ್ತದ ಮೇಲೆಯೇ ಕಡಿತಮಾಡಿಬಿಡುವ ಪ್ರಮಾದವೂ ಉಂಟು.